ಉಳ್ಳಾಗಡ್ಡಿ ರೇಟಿನ ಚಿತ್ರ: ಬೇಡಿಕೆ, ಪೂರೈಕೆ ಎರಡೂ ಜರುಗಿದಾಗ ಸಮತೋಲನ ಹುಡುಕುವುದು ಹೇಗೆ

"ಸರ, ರೇಟ್ ಏರಿದ್ರ ಬೇಡಿಕಿ ಕಡಿಮಿ ಆಕ್ಕೈತಿ. ಬೇಡಿಕಿ ಕಡಿಮಿ ಆದ್ರ ರೇಟ್ ಇಳೀತೈತಿ. ಇಳಿದ್ರ ಮತ್ತ ಬೇಡಿಕಿ ಏರತೈತಿ. ಹಂಗಾದ್ರ ಇದು ನಿಲ್ಲೂದು ಎಲ್ಲಿ?"

ಧಾರವಾಡದಲ್ಲಿ ಅರ್ಥಶಾಸ್ತ್ರದ ಟ್ಯೂಷನ್ ಹೇಳುವ ನನಗೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಎದುರಾಗುತ್ತದೆ. ಕೇಳುವವರು ದಡ್ಡರಲ್ಲ. ಮಾತು ಮಾತಾಗಿ ನೋಡಿದರೆ ಅವರ ತರ್ಕ ಸರಿಯಾಗಿಯೇ ಕಾಣುತ್ತದೆ. ತೊಡಕು ಇರುವುದು 'ಬೇಡಿಕೆ' ಎಂಬ ಒಂದೇ ಶಬ್ದವನ್ನು ಎರಡು ಬೇರೆ ವಸ್ತುಗಳಿಗೆ ಬಳಸಿದ್ದರಲ್ಲಿ. ಅಸೈನ್‌ಮೆಂಟಿನಲ್ಲಿ ಅಂಕ ಹೋಗುವುದು ಬಹುಮಟ್ಟಿಗೆ ಇಲ್ಲಿಯೇ. ಆದ್ದರಿಂದ ಚಿತ್ರ ಬರೆಯುವ ಮೊದಲು ಈ ಗಂಟು ಬಿಚ್ಚೋಣ. ಆಮೇಲೆ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಬರುವ ಉಳ್ಳಾಗಡ್ಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೆಕ್ಕವನ್ನು ಪೂರ್ತಿ ಮಾಡೋಣ.

ರೇಖೆ ಬೇರೆ, ರೇಖೆಯ ಮೇಲಿನ ಚುಕ್ಕೆ ಬೇರೆ

ಬೇಡಿಕೆ ಎಂದರೆ ಇಡೀ ರೇಖೆ. ಕಿಲೋಗೆ 20 ರೂಪಾಯಿ ಇದ್ದರೆ ಎಷ್ಟು ಕೊಳ್ಳುತ್ತಾರೆ, 30 ಇದ್ದರೆ ಎಷ್ಟು, 40 ಇದ್ದರೆ ಎಷ್ಟು ಎಂಬ ಪೂರ್ತಿ ಪಟ್ಟಿ ಅದು. ಆ ಪಟ್ಟಿಯಲ್ಲಿ ಒಂದು ಬೆಲೆಯ ಎದುರಿಗೆ ಇರುವ ಒಂದು ಅಂಕಿ ಬೇಡಿಕೆಯ ಪ್ರಮಾಣ. ಬೆಲೆ ಏರಿದಾಗ ಕಡಿಮೆಯಾಗುವುದು ಈ ಪ್ರಮಾಣ. ಪಟ್ಟಿ ಹಾಗೆಯೇ ಇರುತ್ತದೆ, ನಮ್ಮ ಬೆರಳು ಮಾತ್ರ ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಇದಕ್ಕೆ ರೇಖೆಯ ಮೇಲಿನ ಚಲನೆ ಎನ್ನುತ್ತಾರೆ. ಪಟ್ಟಿಯನ್ನೇ ಹರಿದು ಹೊಸದು ಬರೆಯಬೇಕಾಗಿ ಬಂದರೆ ಅದು ರೇಖೆಯ ಪಲ್ಲಟ.

ಯಾವುದು ಚಲನೆ, ಯಾವುದು ಪಲ್ಲಟ ಎಂದು ಗೊತ್ತುಮಾಡಲು ನಾನು ಒಂದೇ ಪ್ರಶ್ನೆ ಕೇಳಿಸುತ್ತೇನೆ: ಬೆಲೆ ನಿನ್ನೆಯಷ್ಟೇ ಇದ್ದಿದ್ದರೂ ಇವರು ಇವತ್ತು ಬೇರೆ ಪ್ರಮಾಣ ಕೊಳ್ಳುತ್ತಿದ್ದರೇ, ಅಥವಾ ತರುತ್ತಿದ್ದರೇ? ಹೌದಾದರೆ ಪಲ್ಲಟ, ಇಲ್ಲವಾದರೆ ಚಲನೆ. ಕಟಾವಿಗೆ ಬಂದ ಹೊಲದಲ್ಲಿ ನೀರು ನಿಂತು ಗಡ್ಡಿ ಕೊಳೆತರೆ, ನಿನ್ನೆಯ ರೇಟು ಕೊಡುತ್ತೇವೆಂದರೂ ರೈತ ಅಷ್ಟು ಚೀಲ ತರಲಾರ. ಪೂರೈಕೆ ರೇಖೆ ಜರುಗಿತು. ರೇಟು ಏರಿತೆಂದು ಖಾನಾವಳಿಯವರು ಊಟದ ಜೊತೆ ಕೊಡುವ ಹಸಿ ಉಳ್ಳಾಗಡ್ಡಿ ನಿಲ್ಲಿಸಿದರೆ ಅದು ಬೇಡಿಕೆ ರೇಖೆಯ ಮೇಲಿನ ಚಲನೆ. ನಾಳೆ ರೇಟು ಇಳಿದರೆ ತಟ್ಟೆಗೆ ಅದು ವಾಪಸ್ ಬರುತ್ತದೆ.

ಈಗ ಮೇಲಿನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಬೆಲೆ ಏರಿ ಬೇಡಿಕೆಯ ಪ್ರಮಾಣ ಇಳಿದದ್ದಕ್ಕೆ ರೇಖೆ ಜರುಗಿಲ್ಲ. ರೇಖೆ ಜರುಗದಿದ್ದ ಮೇಲೆ ಬೆಲೆಯನ್ನು ಹೊಸದಾಗಿ ಇಳಿಸುವ ಕಾರಣವೂ ಇಲ್ಲ.

ಮೊದಲು ಹಳೆಯ ಸಮತೋಲನ

ಲೆಕ್ಕಕ್ಕೆ ನಾನೇ ಕಟ್ಟಿದ ಅಂಕಿಗಳಿವು, ಅಮರಗೋಳದ ದಾಖಲೆಯಲ್ಲ. P ಎಂದರೆ ಕಿಲೋಗೆ ಸಗಟು ಬೆಲೆ ರೂಪಾಯಿಯಲ್ಲಿ, Q ಎಂದರೆ ದಿನಕ್ಕೆ ಎಷ್ಟು ಲೋಡ್. D1 ಬೇಡಿಕೆ ರೇಖೆ, Qd ಕೊಳ್ಳುವ ಪ್ರಮಾಣ. S1 ಪೂರೈಕೆ ರೇಖೆ, Qs ಪೇಟೆಗೆ ತರುವ ಪ್ರಮಾಣ. ಇವೆರಡು ಪ್ರಮಾಣ ಸಮವಾಗುವ ಬೆಲೆಯಲ್ಲಿ ಮಾರುಕಟ್ಟೆ ನಿಲ್ಲುತ್ತದೆ, ಅದೇ ಸಮತೋಲನ.

```
D1:  Qd = 100 - 2P
S1:  Qs = 2P - 20
100 - 2P = 2P - 20   ->   P = 30,  Q = 40
```

S1 ಅನ್ನು ಒಮ್ಮೆ ನೋಡಿ. P ಹತ್ತಕ್ಕೆ ಬಂದರೆ Qs ಸೊನ್ನೆ. ಇದು ಬರೀ ಗಣಿತವಲ್ಲ. ಕೀಳುವ ಕೂಲಿ, ಚೀಲ, ಗಾಡಿ ಬಾಡಿಗೆ, ಹಮಾಲಿ ಎಲ್ಲ ಸೇರಿ ಹತ್ತು ರೂಪಾಯಿ ಬೀಳುವುದಾದರೆ ಅದಕ್ಕಿಂತ ಕೆಳಗೆ ಪೇಟೆಗೆ ತರುವುದಕ್ಕಿಂತ ಹೊಲದಲ್ಲೇ ಬಿಟ್ಟು ರಂಟೆ ಹೊಡೆಯುವುದು ಲೇಸು. ರೇಟು ಬಿದ್ದ ವರ್ಷ ನಮ್ಮ ಕಡೆ ರೈತರು ಹಾಗೆ ಮಾಡುವುದನ್ನು ನೀವೂ ಕಂಡಿರುತ್ತೀರಿ. ಚಿತ್ರದಲ್ಲಿ ಪೂರೈಕೆ ರೇಖೆ ಮೂಲಬಿಂದುವಿನಿಂದ ಹೊರಡದೆ ಬೆಲೆಯ ಅಕ್ಷದ ಮೇಲೆ 10ರಿಂದ ಹೊರಡುವುದಕ್ಕೆ ಇದೇ ಕಾರಣ.

ಗ್ರಾಫ್ ಹಾಳೆಯಲ್ಲಿ ಬೆಲೆ ನಿಂತ ಅಕ್ಷಕ್ಕೆ, ಪ್ರಮಾಣ ಮಲಗಿದ ಅಕ್ಷಕ್ಕೆ. ಗಣಿತ ಓದಿ ಬಂದವರಿಗೆ ಇದು ತಿರುವು ಮುರುವು ಅನಿಸುತ್ತದೆ, ಆದರೆ ಅರ್ಥಶಾಸ್ತ್ರದ ರೂಢಿ ಹೀಗೇ ಇದೆ. ಪ್ರತಿ ರೇಖೆಗೂ ಎರಡು ಚುಕ್ಕೆ ಸಾಕು. D1ಗೆ (0, 50) ಮತ್ತು (100, 0). S1ಗೆ (0, 10) ಮತ್ತು (40, 30). ಅಳತೆಪಟ್ಟಿ ಇಟ್ಟು ಎಳೆಯಿರಿ, ಕೂಡುವಲ್ಲಿ E1 ಎಂದು ಬರೆಯಿರಿ.

ಮಳೆ ಬಂತು: ಪೂರೈಕೆ ರೇಖೆಯನ್ನು ಜರುಗಿಸುವುದು

ಮಳೆಗಾಲದ ಬೆಳೆ ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೀಳಲು ಬರುತ್ತದೆ. ಅದೇ ಹೊತ್ತಿಗೆ ಮಳೆ ಹಿಡಿದರೆ ಕುತ್ತಿಗೆ ಒಣಗದ ಗಡ್ಡಿ ಮೂರೇ ದಿನಕ್ಕೆ ಚೀಲದೊಳಗೆ ಬಿಸಿಯಾಗುತ್ತದೆ. ಸವಾಲಿನ, ಅಂದರೆ ಹರಾಜಿನ, ಹೊತ್ತಿಗೆ ಖರೀದಿದಾರ ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿ ಒಂದನ್ನು ತೆಗೆದು ಕುತ್ತಿಗೆಯ ಹತ್ತಿರ ಹೆಬ್ಬೆರಳಿಂದ ಒತ್ತುತ್ತಾನೆ. ಮೆತ್ತಗಾದರೆ ಮುಂದಿನ ರಾಶಿಗೆ ನಡೆದುಬಿಡುತ್ತಾನೆ.

ನಮ್ಮ ಲೆಕ್ಕದಲ್ಲಿ ಮಳೆಯಿಂದ ಪ್ರತಿ ಬೆಲೆಯಲ್ಲೂ 24 ಲೋಡ್ ಕಡಿಮೆ ಬರುತ್ತದೆ ಎಂದುಕೊಳ್ಳೋಣ. ಹೊಸ ರೇಖೆ Qs = 2P - 44.

ಇಲ್ಲಿ ತಪ್ಪುವುದು ಕೈ. 'ಪೂರೈಕೆ ಕಡಿಮೆಯಾಯಿತು' ಎಂದು ಓದಿದ ಕೂಡಲೇ ಪೆನ್ಸಿಲ್ ತಾನಾಗಿ ರೇಖೆಯನ್ನು ಕೆಳಗೆ ಎಳೆಯುತ್ತದೆ, ಕಡಿಮೆ ಅಂದರೆ ಕೆಳಗೆ ಅಲ್ಲವೇ ಎಂದು. ಬೇಡಿಕೆ ರೇಖೆಗೆ ಹಾಗೆ ಮಾಡಿದರೆ ಅದೃಷ್ಟದಿಂದ ಸರಿಯಾಗುತ್ತದೆ, ಏಕೆಂದರೆ ಇಳಿಯುವ ರೇಖೆ ಎಡಕ್ಕೆ ಹೋದರೂ ಕೆಳಗೆ ಹೋದರೂ ಒಂದೇ. ಏರುವ ಪೂರೈಕೆ ರೇಖೆಯನ್ನು ಕೆಳಗೆ ಇಳಿಸಿದರೆ ಅದು ಬಲಕ್ಕೆ ಹೋದಂತೆ, ಅಂದರೆ ಪೂರೈಕೆ ಹೆಚ್ಚಿದಂತೆ. ಮಳೆಯಿಂದ ರೇಟು ಬಿತ್ತು ಎಂದು ನಿಮ್ಮ ಚಿತ್ರ ಹೇಳುತ್ತದೆ. ನಾನೇ ಬಿ.ಎ. ಮೊದಲ ವರ್ಷದಲ್ಲಿ ಹೀಗೆ ಎಳೆದು, ಕೆಳಗೆ 'ಬೆಲೆ ಏರುತ್ತದೆ' ಎಂದು ಬರೆದು, ಚಿತ್ರ ಒಂದು ಕಡೆ ಮಾತು ಇನ್ನೊಂದು ಕಡೆ ಮಾಡಿ ಕೊಟ್ಟಿದ್ದೆ. ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಮೇಲೆ, ಕೆಳಗೆ ಎಂಬ ಮಾತೇ ಬೇಡ. ಹಳೆಯ ಬೆಲೆ 30ರಲ್ಲಿ ಅಳತೆಪಟ್ಟಿಯನ್ನು ಅಡ್ಡ ಇಡಿ. E1ನಿಂದ ಎಡಕ್ಕೆ 24 ಎಣಿಸಿ, 16ರ ಮೇಲೆ ಒಂದು ಚುಕ್ಕೆ ಹಾಕಿ. ಅದರ ಮೂಲಕ S1ಗೆ ಸಮಾಂತರವಾಗಿ S2 ಎಳೆಯಿರಿ. ಆ ಚುಕ್ಕೆಗೆ a ಎಂದು ಹೆಸರಿಟ್ಟರೆ ವಿವರಣೆ ಬರೆಯುವಾಗ ಬಹಳ ಉಪಕಾರ.

```
 P
48 | D                       S2          S1
45 |    \                 /           /
42 |       \           /           /
39 |          \     /           /
36 |             E2          /
33 |          /     \     /
30 |       a-----------E1
27 |    /           /     \
24 | /           /           \
21 |          /                 \
18 |       /                       \
15 |    /                             \
12 | /                                   D
   +----------------------------------------- Q
           16    28    40
```

ಹೊಸ ಸಮತೋಲನ: 100 - 2P = 2P - 44, ಆದ್ದರಿಂದ P = 36, Q = 28.

ಉತ್ತರ ಸಿಕ್ಕಿತೆಂದು ಇಲ್ಲಿಗೇ ನಿಲ್ಲಿಸಬೇಡಿ. E1ನಿಂದ E2ಗೆ ಮಾರುಕಟ್ಟೆ ಹೇಗೆ ನಡೆಯಿತು ಎಂದು ಬರೆಯುವುದೇ ಅಸೈನ್‌ಮೆಂಟಿನ ತಿರುಳು. ಮಳೆಯ ಮರುದಿನ ಬೆಲೆ ಇನ್ನೂ 30 ಇದೆ ಎನ್ನಿ. ಕೊಳ್ಳುವವರಿಗೆ 40 ಲೋಡ್ ಬೇಕು, ಬಂದದ್ದು 16. ಚಿತ್ರದಲ್ಲಿ a ಮತ್ತು E1 ನಡುವಿನ ಅಡ್ಡಗೆರೆ ಈ 24 ಲೋಡಿನ ಅಧಿಕ ಬೇಡಿಕೆ. ಸವಾಲಿನಲ್ಲಿ ಒಬ್ಬನ ಮೇಲೊಬ್ಬ ಏರಿಸಿ ಕೂಗುತ್ತಾರೆ. ಬೆಲೆ ಏರುತ್ತ ಹೋದಂತೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಕೊಳ್ಳುವವರು D1 ಮೇಲೆ ಹಿಂದೆ ಸರಿಯುತ್ತಾರೆ, 40 ಇದ್ದದ್ದು 28ಕ್ಕೆ ಇಳಿಯುತ್ತದೆ. ಮಾರುವವರು S2 ಮೇಲೆ ಮುಂದೆ ಬರುತ್ತಾರೆ, ಹಳೆಯ ರೇಟಿಗೆ ಹೊರಗೆ ತೆಗೆಯದಿದ್ದ ಸಣ್ಣ ಗಡ್ಡಿ, ಸುಲಿದು ಆರಿಸಿದ ಮಾಲು ಎಲ್ಲ ಪೇಟೆಗೆ ಬರುತ್ತದೆ, 16 ಇದ್ದದ್ದು 28ಕ್ಕೆ ಏರುತ್ತದೆ. 36 ರೂಪಾಯಿಗೆ ಇಬ್ಬರೂ ಕೂಡುತ್ತಾರೆ.

ರೇಖೆ ಜರುಗಿದ್ದು 24, ಪ್ರಮಾಣ ಇಳಿದದ್ದು 12. ಈ ಎರಡು ಒಂದೇ ಅಲ್ಲ ಎಂದು ಒಂದು ಸಾಲು ಬರೆದರೆ ನಿಮಗೆ ವಿಷಯ ತಿಳಿದಿದೆ ಎಂದು ತಿದ್ದುವವರಿಗೆ ಗೊತ್ತಾಗುತ್ತದೆ. ಸರಿಯಾಗಿ ಅರ್ಧ ಬಂದದ್ದು ನಾನು ಎರಡೂ ರೇಖೆಗೆ ಒಂದೇ ಓರೆ ಕೊಟ್ಟದ್ದರಿಂದ. ಉಳ್ಳಾಗಡ್ಡಿಯಿಲ್ಲದೆ ಒಗ್ಗರಣೆ ಹಾಕಲಾರೆವು ಎನ್ನುವ ಮನೆಗಳೇ ಹೆಚ್ಚಿದ್ದರೆ ಬೇಡಿಕೆ ರೇಖೆ ಇನ್ನೂ ಕಡಿದಾಗಿರುತ್ತದೆ. ಉದಾಹರಣೆಗೆ Qd = 55 - 0.5P ಎಂದು ಇಟ್ಟುಕೊಳ್ಳಿ. 30 ರೂಪಾಯಿಗೆ ಇದರಲ್ಲೂ 40 ಲೋಡೇ. ಅದೇ S2 ಜೊತೆ ಕೂಡಿಸಿದರೆ P = 39.6, Q = 35.2. ಪ್ರಮಾಣ ಐದು ಲೋಡೂ ಇಳಿಯಲಿಲ್ಲ, ಬೆಲೆ ಮಾತ್ರ ಸುಮಾರು ಹತ್ತು ರೂಪಾಯಿ ಹಾರಿತು. ಉಳ್ಳಾಗಡ್ಡಿ ರೇಟು ಒಂದು ಮಳೆಗೆ ಅಷ್ಟೊಂದು ಜಿಗಿಯುವುದರ ಗುಟ್ಟು ಈ ಕಡಿದಾದ ರೇಖೆಯಲ್ಲಿದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದು ಮುಂದಿನ ಪಾಠದಲ್ಲಿ ಬರುವುದು ಇದೇ.

ಎರಡನೇ ಪಲ್ಲಟ: ರಫ್ತು ನಿಷೇಧ

2019ರ ಮಳೆಗಾಲದಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂತು, ಮಹಾರಾಷ್ಟ್ರದಲ್ಲೂ ಮಳೆ ಅತಿಯಾಯಿತು, ಉಳ್ಳಾಗಡ್ಡಿ ಬೆಳೆ ಕೆಟ್ಟಿತು. ರೇಟು ಏರತೊಡಗಿದಾಗ ಕೇಂದ್ರ ಸರ್ಕಾರ ಸೆಪ್ಟೆಂಬರ್ 29ರಂದು ರಫ್ತು ನಿಷೇಧಿಸಿತು. ನಿಷೇಧ ತೆರವಾದದ್ದು 2020ರ ಮಾರ್ಚ್ 15ಕ್ಕೆ.

ರಫ್ತು ನಿಷೇಧ ಯಾವ ರೇಖೆಯನ್ನು ಜರುಗಿಸುತ್ತದೆ? ಅರ್ಧ ತರಗತಿ 'ಪೂರೈಕೆ' ಎನ್ನುತ್ತದೆ, ಹೊರಗೆ ಹೋಗುವ ಮಾಲು ಒಳಗೇ ಉಳಿಯಿತಲ್ಲ ಎಂದು. ನೀವು ಬರೆಯುತ್ತಿರುವುದು ಯಾವ ಮಾರುಕಟ್ಟೆಯ ಚಿತ್ರ ಎಂಬುದರ ಮೇಲೆ ಉತ್ತರ ನಿಂತಿದೆ. ಎಪಿಎಂಸಿಯ ಸವಾಲಿನ ಕಟ್ಟೆಯನ್ನೇ ಮಾರುಕಟ್ಟೆ ಎಂದುಕೊಂಡರೆ ಅಲ್ಲಿ ಮಾರುವವನು ರೈತ, ಕೊಳ್ಳುವವರ ಸಾಲಿನಲ್ಲಿ ರಫ್ತುದಾರನ ಪರವಾಗಿ ನಿಂತವನೂ ಒಬ್ಬ. ನಿಷೇಧ ಅವನನ್ನು ಸಾಲಿನಿಂದ ಹೊರಗೆ ಕಳಿಸಿತು. ಆದ್ದರಿಂದ ಬೇಡಿಕೆ ರೇಖೆ ಎಡಕ್ಕೆ. ದೇಶದೊಳಗಿನ ಗಿರಾಕಿಗಳಿಗೆ ಉಳಿಯುವ ಮಾಲನ್ನಷ್ಟೇ ಪೂರೈಕೆ ಎಂದು ಚಿತ್ರಿಸಿದರೆ ಪೂರೈಕೆ ಬಲಕ್ಕೆ ಎನ್ನುವುದೂ ನಡೆಯುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಜರುಗಿಸಿದರೆ ಒಂದೇ ಕಾರಣವನ್ನು ಎರಡು ಸಲ ಎಣಿಸಿದಂತೆ. ಚಿತ್ರದ ತಲೆಬರಹದಲ್ಲೇ ಯಾವ ಮಾರುಕಟ್ಟೆ ಎಂದು ಬರೆದುಬಿಡಿ. ನಾವು ಎಪಿಎಂಸಿ ಕಟ್ಟೆಯನ್ನೇ ಹಿಡಿಯೋಣ. (ಆ ವರ್ಷ ಸೆಪ್ಟೆಂಬರ್ 29ಕ್ಕೇ ನವರಾತ್ರಿಯ ಘಟಸ್ಥಾಪನೆಯೂ ಬಿದ್ದಿತ್ತು. ಒಂಬತ್ತು ದಿನ ಉಳ್ಳಾಗಡ್ಡಿ ಮುಟ್ಟದ ಮನೆಗಳ ಬೇಡಿಕೆಯೂ ಅದೇ ದಿಕ್ಕಿಗೆ, ಒಂಬತ್ತು ದಿನದ ಮಟ್ಟಿಗೆ.)

ನಿಷೇಧದಿಂದ ಪ್ರತಿ ಬೆಲೆಯಲ್ಲೂ 12 ಲೋಡ್ ಬೇಡಿಕೆ ಕಡಿಮೆ ಎಂದಿಟ್ಟುಕೊಳ್ಳಿ: Qd = 88 - 2P. ಅದೇ ಚಿತ್ರದ ಮೇಲೆ D2 ಎಳೆಯಿರಿ.

```
 P
48 | D1                      S2          S1
45 |    \                 /           /
42 | D2    \           /           /
39 |    \     \     /           /
36 |       \     E2          /
33 |          E3    \     /
30 |       /     \     E1
27 |    /           X     \
24 | /           /     \     \
21 |          /           \     \
18 |       /                 \     \
15 |    /                       \     \
12 | /                             D2    D1
   +----------------------------------------- Q
              22 28    40
```

88 - 2P = 2P - 44, ಆದ್ದರಿಂದ P = 33, Q = 22. ಇದು E3. ಮಳೆಯಿಂದ 36ಕ್ಕೆ ಏರಿದ್ದ ಬೆಲೆ ನಿಷೇಧದಿಂದ 33ಕ್ಕೆ ಇಳಿಯಿತು, ಆದರೂ ಮಳೆಗೆ ಮುಂಚಿನ 30ಕ್ಕಿಂತ ಮೇಲೇ ಇದೆ. X ಗುರುತಿನ ಕಡೆಗೂ ಒಮ್ಮೆ ನೋಡಿ. ಮಳೆ ಬರದೆ ನಿಷೇಧ ಮಾತ್ರ ಬಂದಿದ್ದರೆ ಮಾರುಕಟ್ಟೆ ಅಲ್ಲಿ ನಿಲ್ಲುತ್ತಿತ್ತು: 27 ರೂಪಾಯಿ, 34 ಲೋಡ್. ನಾಲ್ಕು ರೇಖೆ ಎಳೆದರೆ ನಾಲ್ಕು ಕೂಡುಗಳು ಸಿಗುತ್ತವೆ. ಹೊಸ D ಹೊಸ S ಕೂಡುವುದೇ ಕೊನೆಯ ಸಮತೋಲನ. ಅವಸರದಲ್ಲಿ X ಅನ್ನೇ ಉತ್ತರ ಎಂದು ಗುರುತಿಸಿದ ಹಾಳೆಗಳು ನನ್ನ ಮುಂದೆ ಬಹಳ ಬಂದಿವೆ.

ಈಗ ನಿಷೇಧದ ಪೆಟ್ಟನ್ನು ದೊಡ್ಡದು ಮಾಡಿ ನೋಡಿ. ಬೇಡಿಕೆ 12ರ ಬದಲು 24 ಲೋಡ್ ಜರುಗಿದರೆ 76 - 2P = 2P - 44, ಬೆಲೆ ಸರಿಯಾಗಿ 30ಕ್ಕೇ ವಾಪಸ್, ಪ್ರಮಾಣ 16. ಬೇಡಿಕೆ 36 ಲೋಡ್ ಜರುಗಿದರೆ ಬೆಲೆ 27, ಪ್ರಮಾಣ 10. ಮೂರು ಸಲವೂ ದಿಕ್ಕು ಒಂದೇ, ಎರಡೂ ರೇಖೆ ಎಡಕ್ಕೆ. ಪ್ರಮಾಣ ಮೂರು ಸಲವೂ 40ಕ್ಕಿಂತ ಇಳಿಯಿತು. ಬೆಲೆ ಒಮ್ಮೆ ಏರಿತು, ಒಮ್ಮೆ ಇದ್ದಲ್ಲೇ ಉಳಿಯಿತು, ಒಮ್ಮೆ ಇಳಿಯಿತು.

ಆದ್ದರಿಂದ ಪ್ರಶ್ನೆಯಲ್ಲಿ ಅಂಕಿ ಕೊಡದೆ ದಿಕ್ಕು ಮಾತ್ರ ಕೊಟ್ಟಿದ್ದರೆ 'ಪ್ರಮಾಣ ಖಂಡಿತ ಇಳಿಯುತ್ತದೆ, ಬೆಲೆಯ ದಿಕ್ಕನ್ನು ಹೇಳಲಾಗದು, ಅದು ಯಾವ ಪಲ್ಲಟ ದೊಡ್ಡದು ಎಂಬುದರ ಮೇಲಿದೆ' ಎಂದೇ ಬರೆಯಬೇಕು. 'ಹೇಳಲಾಗದು' ಎಂದು ಬರೆಯಲು ವಿದ್ಯಾರ್ಥಿಗಳು ಹೆದರುತ್ತಾರೆ, ಓದಿಲ್ಲ ಎಂದುಕೊಂಡಾರು ಎಂದು. ಇಲ್ಲಿ ಅದೇ ಪೂರ್ಣ ಅಂಕದ ಉತ್ತರ. ತೋರಿಸುವ ದಾರಿ ಸುಲಭ: ಒಂದೇ ಹಾಳೆಯಲ್ಲಿ ಎರಡು ಸಣ್ಣ ಚಿತ್ರ ಬರೆಯಿರಿ. ಒಂದರಲ್ಲಿ ಪೂರೈಕೆ ಹೆಚ್ಚು ಜರುಗಿರಲಿ, ಇನ್ನೊಂದರಲ್ಲಿ ಬೇಡಿಕೆ. ಬೆಲೆ ಎರಡರಲ್ಲಿ ಎರಡು ದಿಕ್ಕಿಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. 2019ರಲ್ಲಿ ಯಾವುದು ದೊಡ್ಡದಿತ್ತು ಎಂಬುದನ್ನು ಪೇಟೆಯೇ ಹೇಳಿತು. ನಿಷೇಧ ಜಾರಿಯಲ್ಲಿದ್ದಾಗಲೇ, ಆ ಡಿಸೆಂಬರಿನಲ್ಲಿ, ಅನೇಕ ನಗರಗಳಲ್ಲಿ ಚಿಲ್ಲರೆ ಬೆಲೆ ಕಿಲೋಗೆ 100 ರೂಪಾಯಿ ದಾಟಿತು.

ನಿಜವಾದ ಅಂಕಿಗಳನ್ನು ಇಟ್ಟು ಬರೆಯುವವರಿಗೆ

ಕೆಲವರು ಅಸೈನ್‌ಮೆಂಟಿಗೆ ಮಂಡಿ ದರಗಳನ್ನು ಕೊಡುವ ಕೇಂದ್ರ ಸರ್ಕಾರದ Agmarknet ತಾಣದಿಂದ ಆವಕ ಮತ್ತು ಬೆಲೆ ತೆಗೆದು ಗ್ರಾಫ್ ಹಾಕುತ್ತಾರೆ. ಒಳ್ಳೆಯದೇ, ಆದರೆ ಒಂದು ಎಚ್ಚರ ಬೇಕು. ದಿನದ ಆವಕ ಎಂಬುದು ಪೂರೈಕೆ ರೇಖೆಯಲ್ಲ. ಒಂದು ದಿನದ ಬೆಲೆ, ಒಂದು ದಿನದ ಆವಕ ಸೇರಿ ಒಂದು ಚುಕ್ಕೆ, ಆ ದಿನ ಎರಡು ರೇಖೆ ಎಲ್ಲಿ ಕೂಡಿದವೋ ಆ ಚುಕ್ಕೆ ಮಾತ್ರ. ನಮ್ಮ ಚಿತ್ರದಲ್ಲಿ E1, E2 ಎರಡೂ D1 ಮೇಲೇ ಇವೆ, ಏಕೆಂದರೆ ಆಗ ಜರುಗಿದ್ದು ಪೂರೈಕೆ ಒಂದೇ. ಅವೆರಡನ್ನು ಕೂಡಿಸಿದರೆ ಬೇಡಿಕೆ ರೇಖೆ ಸಿಗುತ್ತದೆ. E1, E3 ಕೂಡಿಸಿದರೆ? (40, 30)ರಿಂದ (22, 33)ಕ್ಕೆ ಒಂದು ಗೆರೆ ಬರುತ್ತದೆ, ನೋಡಲು ಇಳಿಯುವ ಬೇಡಿಕೆ ರೇಖೆಯಂತೆಯೇ ಇರುತ್ತದೆ, ಆದರೆ ಅದು D1 ಅಲ್ಲ, D2 ಅಲ್ಲ, ಯಾವುದೂ ಅಲ್ಲ. ಬೆಲೆ ಮೂರು ರೂಪಾಯಿ ಏರಿದ್ದಕ್ಕೆ ಜನ 18 ಲೋಡ್ ಕಡಿಮೆ ಕೊಂಡರು ಎಂದು ಆ ಗೆರೆ ಸುಳ್ಳು ಹೇಳುತ್ತದೆ. ಮೂರು ರೂಪಾಯಿಗೆ ಕಡಿಮೆ ಕೊಂಡದ್ದು ಆರೇ ಲೋಡ್, ಉಳಿದ 12 ನಿಷೇಧದ ಪಾಲು.

ಇನ್ನೊಂದು ಮಾತು. ಆ ತಾಣದಲ್ಲಿ ಒಂದೇ ದಿನಕ್ಕೆ ಕನಿಷ್ಠ, ಗರಿಷ್ಠ, ಮೋಡಲ್ ಎಂದು ಮೂರು ಬೆಲೆ ಇರುತ್ತವೆ. ಮೋಡಲ್ ಎಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ಬೆಲೆ. ನಮ್ಮ ಚಿತ್ರ ಎಲ್ಲ ಮಾಲೂ ಒಂದೇ ದರ್ಜೆಯದು ಎಂದು ನಂಬಿದೆ. ಮಳೆ ಬಂದ ವಾರ ಒಣ ಗಡ್ಡಿಯ ಬೆಲೆ ಏರುತ್ತಿರುವಾಗಲೇ ಹಸಿ ಗಡ್ಡಿಯದು ಬೀಳಬಹುದು, ಕನಿಷ್ಠ ಗರಿಷ್ಠಗಳ ಅಂತರ ಹಿಗ್ಗುತ್ತದೆ. ಮೋಡಲ್ ಬೆಲೆಯನ್ನೇ ಹಿಡಿಯಿರಿ, ಮತ್ತು ಹಾಗೆ ಹಿಡಿದಿದ್ದೇನೆ ಎಂದು ಚಿತ್ರದ ಕೆಳಗೆ ಬರೆಯಿರಿ.

ಕೈ ಪಳಗಿಸಲು ಇನ್ನೊಂದು ಪ್ರಕರಣ ತಗೊಳ್ಳಿ. 2023ರ ಡಿಸೆಂಬರ್ 8ರಂದು ಕೇಂದ್ರ ಮತ್ತೆ ರಫ್ತು ನಿಷೇಧಿಸಿತು. ಈ ಸಲ ಮಳೆಗಾಲದ ಬೆಳೆ ಪೇಟೆಗೆ ಬರುತ್ತಿದ್ದ ಹೊತ್ತು. ಬೇಡಿಕೆ ಎಡಕ್ಕೆ, ಪೂರೈಕೆ ಬಲಕ್ಕೆ. E1ನಿಂದ ಶುರುಮಾಡಿ ಎರಡು ಸಣ್ಣ ಚಿತ್ರ ಬರೆಯಿರಿ. ಬೆಲೆ ಎರಡರಲ್ಲೂ ಇಳಿದಿರಬೇಕು. ನಿಷೇಧದ ಬೆನ್ನಿಗೇ ಮಂಡಿಗಳಲ್ಲಿ ಆದದ್ದೂ ಅದೇ. ಪ್ರಮಾಣ ಒಂದು ಚಿತ್ರದಲ್ಲಿ 40ರ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಬಿದ್ದಿರಬೇಕು. ಎರಡರಲ್ಲೂ ಒಂದೇ ಕಡೆ ಬಿದ್ದಿದ್ದರೆ ನೀವು ಎರಡು ಸಲವೂ ಒಂದೇ ರೇಖೆಯನ್ನು ಹೆಚ್ಚು ಜರುಗಿಸಿದ್ದೀರಿ. ರಬ್ಬರ್ ತಗೊಂಡು 30ರ ಸಾಲಿನಲ್ಲಿ ಅಳತೆಪಟ್ಟಿಯನ್ನು ಮತ್ತೆ ಅಡ್ಡ ಇಡಿ.